ಸರ್ಜಿಕಲ್ ಕಿಟ್ – 1

ಡಿಸ್ಚಾರ್ಜ್ ಬಿಲ್ಲಿನಲ್ಲಿ ನಮ್ಮ ಜೇಬಿಗೆ ಕತ್ತರಿ ಹಾಕೋದು ದೊಡ್ಡ ಮೊತ್ತದ ಸಾಲುಗಳು ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಸರ್ಜನ್ ಫೀಸು, ಓಟಿ ಚಾರ್ಜು, ರೂಮ್ ಬಾಡಿಗೆ. ಆದರೆ ವಿಮೆ ಇದ್ದವರ ಮಟ್ಟಿಗೆ ಈ ಸಾಲುಗಳು ಬಹುತೇಕ ಹಾಗೇ ಪಾಸಾಗಿಬಿಡುತ್ತವೆ. ಕೊನೆಗೆ ನಾವು ಕಾರ್ಡ್ ಉಜ್ಜೋದು ಏನಂತಲೇ ಅರ್ಥವಾಗದ ಸಾಲುಗಳಿಗೆ. ‘ಸರ್ಜಿಕಲ್ ಕಿಟ್ – 1.’ ‘ಮಿಸಲೇನಿಯಸ್ ಸರ್ವಿಸಸ್.’ ಹೆಸರು ಇದೆ, ಮೊತ್ತ ಇದೆ, ಒಳಗೆ ಏನಿದೆ ಅನ್ನೋದು ಮಾತ್ರ ಇಲ್ಲ.

ಇದು ಕಾಕತಾಳೀಯ ಅಲ್ಲ. ವಿಮಾ ನಿಯಂತ್ರಕ ಐಆರ್‌ಡಿಎಐ, ಆಸ್ಪತ್ರೆ ಖರ್ಚಿನಲ್ಲಿ ಪಾಲಿಸಿಯಿಂದ ಹೊರಗಿಡಬಹುದಾದ 68 ಐಟಂಗಳ ಒಂದು ಪಟ್ಟಿ ಮಾಡಿದೆ. ನಿಮ್ಮ ಪಾಲಿಸಿ ಪುಸ್ತಕದ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತೆ. ಗ್ಲೌಸು, ಮಾಸ್ಕು, ಡಯಾಪರ್, ಟೆಲಿಫೋನ್ ಚಾರ್ಜು ಎಲ್ಲ ಅದರಲ್ಲಿವೆ. ಅದೇ ಪಟ್ಟಿಯಲ್ಲಿ ಇನ್ನೊಂದು ಐಟಂ ಇದೆ: ವಿವರ ನಮೂದಿಸದ ಯಾವುದೇ ಕಿಟ್. ಅದರ ಪಕ್ಕದಲ್ಲೇ ಇನ್ನೊಂದು ಪಟ್ಟಿ ಇದೆ. ರೂಮ್ ಚಾರ್ಜಿನಲ್ಲೇ ಸೇರಿಕೊಂಡಿರಬೇಕಾದ, ಬೇರೆಯಾಗಿ ಕೊಡಲಾಗದ ಖರ್ಚುಗಳದ್ದು. ಅದರಲ್ಲಿ ವಿವರಣೆ ಇಲ್ಲದ ಮಿಸಲೇನಿಯಸ್ ಚಾರ್ಜು ಅನ್ನೋದೂ ಇದೆ, ಪಲ್ಸ್ ಆಕ್ಸಿಮೀಟರ್ ಚಾರ್ಜೂ ಇದೆ, ಫೈಲ್ ಓಪನಿಂಗ್ ಚಾರ್ಜೂ ಇದೆ.

ಅಂದರೆ ಒಂದು ಸಾಲು ‘ಸರ್ಜಿಕಲ್ ಕಿಟ್’ ಅಂತ ಮಾತ್ರ ಪ್ರಿಂಟ್ ಆಗಿದ್ದರೆ, ಒಳಗಿರುವುದು ವಿಮೆ ಕೊಡಲೇಬೇಕಾದ ವಸ್ತುವೇ ಆಗಿದ್ದರೂ ಅದು ತಿರಸ್ಕಾರ ಆಗುತ್ತೆ. ತಿರಸ್ಕಾರ ಆದದ್ದನ್ನು ಆಸ್ಪತ್ರೆ ಬಿಟ್ಟುಕೊಡಲ್ಲ, ರೋಗಿಯಿಂದ ವಸೂಲಿ ಮಾಡುತ್ತೆ. ವಿವರ ಬರೆಯದೆ ಬಿಟ್ಟವರು ಯಾರೋ, ಅದಕ್ಕೆ ದುಡ್ಡು ಕಟ್ಟುವವರು ನಾವು. ಹಾಗಾಗಿ ಬಿಲ್ಲಿಂಗ್ ವಿಭಾಗಕ್ಕೆ ದೂರು ಕೊಡೋದು ಅಂದರೆ ‘ಇಷ್ಟೊಂದು ದುಬಾರಿ ಯಾಕೆ’ ಅಂತ ಜಗಳ ಆಡೋದಲ್ಲ. ‘ಈ ಸಾಲಿನ ಒಳಗೆ ಏನಿದೆ, ಬರೆದು ಕೊಡಿ’ ಅಂತ ಕೇಳೋದು. ಈ ಎರಡರ ನಡುವೆ ಎಷ್ಟು ವ್ಯತ್ಯಾಸ ಇದೆ ಅನ್ನೋದಕ್ಕೆ ನಮ್ಮ ಅಮ್ಮನ ಬಿಲ್ಲನ್ನೇ ಬಿಡಿಸಿ ಹೇಳ್ತೀನಿ.

ಅಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲು. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಲ್ಯಾಪ್ರೊಸ್ಕೋಪಿ ಮಾಡಿ ಪಿತ್ತಕೋಶ ತೆಗೆದರು. ಸೋಮವಾರ ಸಂಜೆ ಅಡ್ಮಿಟ್, ಮಂಗಳವಾರ ಬೆಳಿಗ್ಗೆ ಆಪರೇಷನ್, ಗುರುವಾರ ಡಿಸ್ಚಾರ್ಜ್. ಮೂರು ರಾತ್ರಿ. ಚಿಕಿತ್ಸೆ ಬಗ್ಗೆ ಒಂದು ಮಾತೂ ಆಡೋ ಹಾಗಿಲ್ಲ. ಡಾಕ್ಟರು, ನರ್ಸುಗಳು ಎಲ್ಲ ಚೆನ್ನಾಗಿ ನೋಡಿಕೊಂಡರು. ಬಿಲ್ಲು ಬಂದದ್ದು 1,84,320 ರೂಪಾಯಿ. ನನ್ನ ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಸೇರಿ ವರ್ಷಕ್ಕೆ 3 ಲಕ್ಷ. ವಿಮಾ ಕಂಪನಿ 1,61,690 ಪಾಸು ಮಾಡಿತು. ಉಳಿದ 22,630 ನಾವು ಕಟ್ಟಬೇಕು.

ಡಿಸ್ಚಾರ್ಜ್ ದಿನದ ಆ ಹೊತ್ತು ಹೇಗಿರುತ್ತೆ ಅಂತ ಅನುಭವಿಸಿದವರಿಗೇ ಗೊತ್ತು. ಡಿಸ್ಚಾರ್ಜ್ ಕೋರಿಕೆ ಬಂದ ಮೂರು ಗಂಟೆಯೊಳಗೆ ವಿಮಾ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕು ಅಂತ 2024ರಲ್ಲಿ ಐಆರ್‌ಡಿಎಐ ನಿಯಮ ಮಾಡಿದೆ. ಆದರೆ ಆ ಕೋರಿಕೆ ಹೋಗೋದೇ ಆಸ್ಪತ್ರೆಯವರು ಬಿಲ್ ಫೈನಲ್ ಮಾಡಿದ ಮೇಲೆ. ಬೆಳಿಗ್ಗೆ ರೌಂಡ್ಸಿಗೆ ಬಂದ ಡಾಕ್ಟರು ‘ಮನೆಗೆ ಹೋಗಬಹುದಮ್ಮಾ’ ಅಂದರೆ, ಸಂಜೆ ಆರಕ್ಕೆ ಒಪ್ಪಿಗೆ ಬಂತು. ಅಮ್ಮ ಸೀರೆ ಉಟ್ಟು, ಚೀಲ ಮಡಿಲಲ್ಲಿಟ್ಟುಕೊಂಡು ಮಧ್ಯಾಹ್ನದಿಂದ ಕೂತಿದ್ದರು. ಆ ಸ್ಥಿತಿಯಲ್ಲಿ ಕೌಂಟರಿನಲ್ಲಿ ನಿಂತು 11 ಪುಟದ ಬಿಲ್ಲಿನ ಸಾಲು ಸಾಲು ಚರ್ಚೆ ಮಾಡೋಕೆ ಯಾರಿಂದಲೂ ಆಗಲ್ಲ. ಮಾಡಬೇಕಾಗಿಯೂ ಇಲ್ಲ. ನಾನು ಮಾಡಿದ್ದು ಇಷ್ಟೇ. ಪೂರ್ತಿ ಕಟ್ಟಿದೆ, ಆಸ್ಪತ್ರೆಯ ಪ್ರತಿಯಲ್ಲಿ ಸಹಿ ಹಾಕುವಾಗ ‘ಬಿಲ್ಲಿನ ವಿವರ ಕೇಳುವ ಹಕ್ಕು ಉಳಿಸಿಕೊಂಡು ಪಾವತಿ ಮಾಡಿದ್ದೇನೆ’ ಅಂತ ಒಂದು ಸಾಲು ಬರೆದೆ, ಅದರ ಫೋಟೋ ತೆಗೆದುಕೊಂಡೆ, ಅಮ್ಮನ್ನ ಮನೆಗೆ ಕರೆದುಕೊಂಡು ಬಂದೆ.

ಜಗಳ ಬೇಕಾದರೆ ಆಮೇಲೂ ಮಾಡಬಹುದು. ಆದರೆ ಹೊರಡುವ ಮುಂಚೆ ಕೆಲವು ಕಾಗದ ಕೈಯಲ್ಲಿರಬೇಕು. ಮೊದಲನೆಯದು ಐಟಂವಾರು ಬಿಲ್ಲು. ಕೇಳದೇ ಇದ್ದರೆ ಅವರು ಕೊಡೋದು ಒಂದು ಪುಟದ ಸಾರಾಂಶ: ರೂಮು ಇಷ್ಟು, ಫಾರ್ಮಸಿ ಇಷ್ಟು, ಪ್ರೊಸೀಜರ್ ಇಷ್ಟು. ಅದನ್ನು ಹಿಡಿದುಕೊಂಡು ಏನೂ ಪ್ರಶ್ನೆ ಮಾಡೋಕೆ ಆಗಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಐಟಂವಾರು ಬಿಲ್ ಪಡೆಯೋದು ರೋಗಿಯ ಹಕ್ಕು ಅಂತಲೇ ಇದೆ. ಎರಡನೆಯದು ವಿಮಾ ಕಂಪನಿಯ ಅಂತಿಮ ಒಪ್ಪಿಗೆ ಪತ್ರ. ಯಾವ ಸಾಲಿಗೆ ಎಷ್ಟು ಕಡಿತ, ಯಾವ ಕಾರಣಕ್ಕೆ ಅಂತ ಅದರಲ್ಲಿ ಇರುತ್ತೆ. ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್ ಅದನ್ನು ತಾನಾಗಿ ಕೊಡಲ್ಲ, ಕೇಳಿದರೆ ಪ್ರಿಂಟ್ ತೆಗೆದುಕೊಡುತ್ತೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ಬಹಳ ಜನ ಕೇಳದೇ ಇರೋದು: ಕೇಸ್ ಶೀಟ್ ಪ್ರತಿ. ಡಿಸ್ಚಾರ್ಜ್ ಸಮ್ಮರಿ ಅಲ್ಲ. ಯಾವ ಔಷಧಿ ಎಷ್ಟು ಗಂಟೆಗೆ ಕೊಟ್ಟರು ಅಂತ ನರ್ಸು ಸಹಿ ಹಾಕಿದ ಡ್ರಗ್ ಚಾರ್ಟ್, ನರ್ಸಿಂಗ್ ನೋಟ್ಸ್, ಆಪರೇಷನ್ ನೋಟ್ಸ್, ಅರಿವಳಿಕೆಯ ಚಾರ್ಟ್, ಎಲ್ಲ ಸೇರಿದ ಕಂತೆ. ಆಸ್ಪತ್ರೆಯ ಮೆಡಿಕಲ್ ರೆಕಾರ್ಡ್ಸ್ ವಿಭಾಗಕ್ಕೆ ಒಂದು ಅರ್ಜಿ ಬರೆದುಕೊಟ್ಟರೆ ಆಯಿತು. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿಯಲ್ಲಿದೆ. ಅರ್ಜಿಗೆ ಅಮ್ಮನ ಸಹಿ ಹಾಕಿಸಿ, ಸ್ವೀಕೃತಿ ಮುದ್ರೆ ಒತ್ತಿಸಿಕೊಂಡು ಬಂದೆ. ಮೂರನೇ ದಿನ ಜೆರಾಕ್ಸ್ ದುಡ್ಡು ತಗೊಂಡು 60 ಪುಟ ಕೊಟ್ಟರು.

ಬಿಲ್ಲು ಒಂದು ಕಡೆ, ಕೇಸ್ ಶೀಟು ಇನ್ನೊಂದು ಕಡೆ ಇಟ್ಟುಕೊಂಡು ಕೂತರೆ ಒಂದು ವಿಷಯ ಗೊತ್ತಾಗುತ್ತೆ. ಇವೆರಡನ್ನೂ ಬರೆಯುವವರು ಬೇರೆ ಬೇರೆ. ಕೇಸ್ ಶೀಟಿನಲ್ಲಿ ಇರೋದು ಹಾಸಿಗೆ ಪಕ್ಕದಲ್ಲಿ ನಡೆದದ್ದು. ಬಿಲ್ಲಿನಲ್ಲಿ ಇರೋದು ಕಂಪ್ಯೂಟರಿನಲ್ಲಿ ನಡೆದದ್ದು. ಬಿಲ್ಲಿಗೆ ಸಾಲುಗಳು ಮೂರು ದಾರಿಯಲ್ಲಿ ಬಂದು ಬೀಳುತ್ತವೆ. ಒಂದು, ದಿನದ ಲೆಕ್ಕದವು: ರೂಮು, ನರ್ಸಿಂಗು, ಮಾನಿಟರು. ಒಮ್ಮೆ ಆನ್ ಮಾಡಿದರೆ ಆಫ್ ಮಾಡುವ ತನಕ ದಿನಕ್ಕೊಂದು ಸಾಲು ತಾನಾಗಿ ಸೇರುತ್ತಾ ಹೋಗುತ್ತೆ. ಎರಡು, ವಾರ್ಡಿನ ಇಂಡೆಂಟು: ನರ್ಸು ಫಾರ್ಮಸಿಗೆ ಔಷಧಿ ಬೇಕು ಅಂತ ಹಾಕಿದ ಬೇಡಿಕೆ. ಫಾರ್ಮಸಿಯಿಂದ ಹೊರಟ ಕ್ಷಣದಲ್ಲೇ ಅದು ನಿಮ್ಮ ಬಿಲ್ಲಿಗೆ ಬಿತ್ತು, ನಿಮಗೆ ಚುಚ್ಚಿದಾಗ ಅಲ್ಲ. ಬಳಸದೇ ಉಳಿದದ್ದು ವಾಪಸ್ ಹೋಗಿ, ರಿಟರ್ನ್ ಎಂಟ್ರಿ ಆದರೆ ಮಾತ್ರ ಕಳೆಯುತ್ತೆ. ಮೂರು, ಓಟಿ: ಈ ಆಪರೇಷನ್ನಿಗೆ ಇಷ್ಟು ಸಾಮಾನು ಅಂತ ಮೊದಲೇ ತಯಾರಾದ ಒಂದು ಪಟ್ಟಿ ಇರುತ್ತೆ. ಅದು ಇಡಿಯಾಗಿ ಒಂದೇ ಕೋಡಿನಲ್ಲಿ ಬೀಳುತ್ತೆ. ಅದೇ ‘ಕಿಟ್’.

ಯಾರೋ ಕೂತು ಮೋಸ ಮಾಡ್ತಿದಾರೆ ಅಂತ ನಾನು ಹೇಳ್ತಿಲ್ಲ. ಮೋಸ ಮಾಡುವವರೇ ಬೇಕಾಗಿಲ್ಲ ಅಂತ ಹೇಳ್ತಿದೀನಿ. ಈ ಮೂರು ದಾರಿಯಲ್ಲೂ ಸಾಲು ಸೇರೋದು ತಾನಾಗಿ, ತೆಗೆಯೋದು ಯಾರಾದರೂ ನೆನಪಿಟ್ಟುಕೊಂಡು ಮಾಡಿದರೆ ಮಾತ್ರ. ಹಾಗಾಗಿ ತಪ್ಪು ಆದಾಗಲೆಲ್ಲ ಅದು ಹೆಚ್ಚಾಗುವ ಕಡೆಗೇ ವಾಲುತ್ತೆ.

ನಮ್ಮ 22,630ರ ಕಡಿತ ಹೀಗಿತ್ತು. ಗ್ಲೌಸು, ಮಾಸ್ಕು, ಇಸಿಜಿ ಎಲೆಕ್ಟ್ರೋಡು ಇತ್ಯಾದಿ 4,180. ಸರ್ಜಿಕಲ್ ಕಿಟ್ 9,600. ಮಿಸಲೇನಿಯಸ್ ಸರ್ವಿಸಸ್ 3,450. ಮಲ್ಟಿಪ್ಯಾರಾ ಮಾನಿಟರ್ ದಿನಕ್ಕೆ 1,400ರಂತೆ ಮೂರು ದಿನಕ್ಕೆ 4,200. ಪಲ್ಸ್ ಆಕ್ಸಿಮೀಟರ್ ದಿನಕ್ಕೆ 400ರಂತೆ 1,200.

ಮೊದಲನೆಯದನ್ನು ನಾನು ಮುಟ್ಟಲಿಲ್ಲ. ಗ್ಲೌಸು ಬಳಸಿದ್ದಾರೆ, ಪಾಲಿಸಿಯಲ್ಲಿ ಅದಕ್ಕೆ ದುಡ್ಡಿಲ್ಲ, ಅಲ್ಲಿಗೆ ಮುಗೀತು. ಉಳಿದ ನಾಲ್ಕನ್ನು ಕೇಸ್ ಶೀಟಿನ ಜೊತೆ ಹೊಂದಿಸಿ ನೋಡಿದೆ.

ಮಾನಿಟರ್ ವಿಷಯ ಸುಲಭವಾಗಿ ಬಿಡಿಸಿಕೊಂಡಿತು. ಮಲ್ಟಿಪ್ಯಾರಾ ಮಾನಿಟರ್ ಅಂದರೆ ಹಾಸಿಗೆ ಪಕ್ಕ ಬೀಪ್ ಅನ್ನುವ ಆ ಪರದೆ. ನರ್ಸಿಂಗ್ ನೋಟ್ಸ್ ಪ್ರಕಾರ ಅಮ್ಮನಿಗೆ ಅದನ್ನು ಹಾಕಿದ್ದು ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಗೆ, ಓಟಿಯಿಂದ ಬಂದ ಮೇಲೆ. ತೆಗೆದದ್ದು ಬುಧವಾರ ಬೆಳಿಗ್ಗೆ ಆರಕ್ಕೆ. ಬಿಲ್ಲಿನಲ್ಲಿ ಸೋಮವಾರವೂ ಇದೆ, ಬುಧವಾರವೂ ಇದೆ. ಸೋಮವಾರ ರಾತ್ರಿ ಅಮ್ಮ ಮೊಬೈಲಿನಲ್ಲಿ ಸೀರಿಯಲ್ ನೋಡ್ತಾ ಕೂತಿದ್ದರು, ಬೆರಳಿಗೆ ಒಂದು ಕ್ಲಿಪ್ ಕೂಡ ಇರಲಿಲ್ಲ. ಇನ್ನು ಪಲ್ಸ್ ಆಕ್ಸಿಮೀಟರು. ಮಲ್ಟಿಪ್ಯಾರಾ ಅನ್ನುವ ಹೆಸರೇ ಹೇಳುವ ಹಾಗೆ ಆ ಯಂತ್ರ ಇಸಿಜಿ, ಬಿಪಿ ಜೊತೆಗೆ ರಕ್ತದ ಆಮ್ಲಜನಕವನ್ನೂ ಅಳೆಯುತ್ತೆ. ಬೆರಳಿಗೆ ಹಾಕುವ ಆ ಕ್ಲಿಪ್ಪೇ ಪಲ್ಸ್ ಆಕ್ಸಿಮೀಟರು. ಒಂದೇ ಯಂತ್ರಕ್ಕೆ ಎರಡು ಹೆಸರಲ್ಲಿ ಬಾಡಿಗೆ.

ಜೊತೆಗೆ ವಿಮಾ ಕಂಪನಿ ಕಣ್ಣುಮುಚ್ಚಿ ಪಾಸು ಮಾಡಿದ್ದ ಫಾರ್ಮಸಿ ಪುಟಗಳನ್ನೂ ನೋಡಿದೆ. ನಮ್ಮ ಜೇಬಿನಿಂದ ಹೋಗದ ದುಡ್ಡಿಗೆ ತಲೆ ಯಾಕೆ ಕೆಡಿಸ್ಕೋಬೇಕು ಅಂತೀರಾ? ಅಪ್ಪನಿಗೆ ಹರ್ನಿಯಾ ಆಪರೇಷನ್ ಇದೇ ವರ್ಷ ಆಗಬೇಕು. ಇಬ್ಬರಿಗೂ ಸೇರಿ ಇದ್ದ 3 ಲಕ್ಷದಲ್ಲಿ ಈಗ ಉಳಿದಿರೋದು 1,38,310. ಅಮ್ಮನ ಬಿಲ್ಲಿನಲ್ಲಿ ಹೆಚ್ಚಾದ ಪ್ರತಿ ರೂಪಾಯಿಯೂ ಅಪ್ಪನ ಪಾಲಿನಿಂದ ಹೋದದ್ದು.

ಅಲ್ಲಿ ಪ್ಯಾರಸಿಟಮಾಲ್ ಡ್ರಿಪ್ಪಿನ ಬಾಟಲಿ ಎಣಿಸಿದೆ. ಓಟಿಯಿಂದ ಒಂದು, ವಾರ್ಡಿನಿಂದ ಮೊದಲ ಇಂಡೆಂಟಿನಲ್ಲಿ ಆರು, ಎರಡನೆಯದರಲ್ಲಿ ಮೂರು. ಒಟ್ಟು 10, ರಿಟರ್ನ್ 1, ಬಿಲ್ಲಾದದ್ದು 9. ಕೇಸ್ ಶೀಟಿನಲ್ಲಿ ಅರಿವಳಿಕೆ ಚಾರ್ಟಿನಲ್ಲಿ ಒಂದು, ಡ್ರಗ್ ಚಾರ್ಟಿನಲ್ಲಿ ಮಂಗಳವಾರ ಎರಡು, ಬುಧವಾರ ಮೂರು ಸಹಿ. ಒಟ್ಟು 6. ಗುರುವಾರದಿಂದ ಮಾತ್ರೆಗೆ ಬದಲಾಯಿಸಿದ್ದರು. ಮೂರು ಬಾಟಲಿ, ತಲಾ 410ರಂತೆ 1,230 ರೂಪಾಯಿ, ಎಲ್ಲೋ ಕಾಣೆ. ಹಾಗೇ ಕ್ಯಾನುಲಾ, ಅಂದರೆ ಕೈಗೆ ಚುಚ್ಚಿ ಇಡುವ ಸೂಜಿ. ಸೋಮವಾರ ಒಂದು, ಕೈ ಊದಿಕೊಂಡಿತು ಅಂತ ಬುಧವಾರ ಬದಲಾಯಿಸಿದ್ದು ಒಂದು. ಬಿಲ್ಲಿನಲ್ಲಿ ಮೂರು. ಹೆಚ್ಚುವರಿ 310.

ಇಷ್ಟು ಇಟ್ಟುಕೊಂಡು ಮೊದಲು ಕೌಂಟರಿಗೇ ಹೋದೆ. ಅಲ್ಲಿದ್ದ ಹುಡುಗ ಸೌಜನ್ಯದಿಂದಲೇ ಮಾತಾಡಿದ.

“ಇಂಡೆಂಟ್ ಆಗಿದೆ ಅಂದ್ರೆ ಪೇಷಂಟಿಗೆ ಕೊಟ್ಟಿದಾರೆ ಅಂತಾನೇ ಮೇಡಂ.”

“ಕೊಟ್ಟಿದ್ರೆ ಡ್ರಗ್ ಚಾರ್ಟಲ್ಲಿ ಸಹಿ ಇರಬೇಕಲ್ವಾ?”

“ಅದು ನರ್ಸಿಂಗ್‌ನವರದ್ದು ಮೇಡಂ, ನಮಗೆ ಕಾಣಲ್ಲ. ನಮಗೆ ಸಿಸ್ಟಂನಲ್ಲಿ ಬಂದದ್ದು ಪ್ರಿಂಟ್ ಆಗುತ್ತೆ ಅಷ್ಟೇ.”

ಅವನು ಹೇಳಿದ್ದು ನಿಜ. ಅವನ ಪರದೆಯಲ್ಲಿ ಕೇಸ್ ಶೀಟು ಇಲ್ಲ, ಸಾಲು ಅಳಿಸುವ ಅಧಿಕಾರವೂ ಇಲ್ಲ. ಅವನ ಜೊತೆ ದನಿ ಎತ್ತಿ ಮಾತಾಡಿ ಪ್ರಯೋಜನ ಇಲ್ಲ. ಅಧಿಕಾರ ಇರೋದು ಬಿಲ್ಲಿಂಗ್ ಮುಖ್ಯಸ್ಥರಿಗೆ, ಅವರಿಗೂ ನರ್ಸಿಂಗ್ ಮತ್ತು ಫಾರ್ಮಸಿಯಿಂದ ಉತ್ತರ ಬರಬೇಕು. ಹಾಗಾಗಿ ಬರವಣಿಗೆಯಲ್ಲೇ ಹೋಗಬೇಕು. ಅವತ್ತು ರಾತ್ರಿ ಬಿಲ್ಲಿಂಗ್ ಮುಖ್ಯಸ್ಥರಿಗೆ ಮೇಲ್ ಬರೆದು, ಮೆಡಿಕಲ್ ಸೂಪರಿಂಟೆಂಡೆಂಟ್ ಮತ್ತು ಇನ್ಶೂರೆನ್ಸ್ ಡೆಸ್ಕಿಗೆ ಪ್ರತಿ ಹಾಕಿದೆ. ಮೇಲ್‌ನ ತಿರುಳು ಇಷ್ಟು:

“ವಿಷಯ: ಐಪಿ ಸಂಖ್ಯೆ ಇಂಥದ್ದು, ಅಂತಿಮ ಬಿಲ್ಲಿನ ಆರು ಸಾಲುಗಳ ಬಗ್ಗೆ.

1. ಸರ್ಜಿಕಲ್ ಕಿಟ್, 9,600: ಒಳಗಿರುವ ವಸ್ತುಗಳ ಹೆಸರು, ಸಂಖ್ಯೆ, ದರ ಬರೆದುಕೊಡಿ.

2. ಮಿಸಲೇನಿಯಸ್ ಸರ್ವಿಸಸ್, 3,450: ಯಾವ ಸೇವೆ, ಯಾವ ದಿನ, ದರ ಎಷ್ಟು ಅಂತ ತಿಳಿಸಿ.

3. ಮಾನಿಟರ್, 3 ದಿನ: ನರ್ಸಿಂಗ್ ನೋಟ್ಸ್ ಪ್ರಕಾರ ಬಳಕೆ ಮಂಗಳವಾರ 12.30ರಿಂದ ಬುಧವಾರ 6ರವರೆಗೆ ಮಾತ್ರ. ಪುಟದ ಪ್ರತಿ ಲಗತ್ತಿಸಿದೆ.

4. ಪಲ್ಸ್ ಆಕ್ಸಿಮೀಟರ್, 3 ದಿನ: ಮಾನಿಟರ್ ಬಿಟ್ಟು ಬೇರೆ ಸಾಧನ ಬಳಸಿದ ದಾಖಲೆ ಇದ್ದರೆ ಕೊಡಿ.

5. ಪ್ಯಾರಸಿಟಮಾಲ್ ಇನ್ಫ್ಯೂಷನ್: ಬಿಲ್ಲಿನಲ್ಲಿ 9, ದಾಖಲೆಯಲ್ಲಿ 6.

6. ಕ್ಯಾನುಲಾ: ಬಿಲ್ಲಿನಲ್ಲಿ 3, ದಾಖಲೆಯಲ್ಲಿ 2.

ಪ್ರತಿ ಸಾಲಿಗೂ ವಿವರ ಕೊಡಿ, ಇಲ್ಲವೇ ಸಾಲನ್ನು ರದ್ದು ಮಾಡಿ ಪರಿಷ್ಕೃತ ಅಂತಿಮ ಬಿಲ್ಲು ಕೊಡಿ. ಏಳು ಕೆಲಸದ ದಿನದೊಳಗೆ ಲಿಖಿತ ಉತ್ತರ ಕೋರುತ್ತೇನೆ.”

‘ಲೂಟಿ’, ‘ಅನ್ಯಾಯ’, ‘ಟ್ವಿಟರಿಗೆ ಹಾಕ್ತೀನಿ’ ಯಾವುದೂ ಇಲ್ಲ. ಬೇಕಂತಲೇ. ‘ಬಿಲ್ಲು ಜಾಸ್ತಿ ಆಯ್ತು’ ಅನ್ನುವ ಮೇಲಿಗೆ ‘ನಮ್ಮ ದರಪಟ್ಟಿಯ ಪ್ರಕಾರ ಇದೆ’ ಅಂತ ಒಂದು ಸಾಲಿನ ಉತ್ತರ ಸಾಕಾಗುತ್ತೆ. ‘ಬಿಲ್ಲಿನಲ್ಲಿ 9, ದಾಖಲೆಯಲ್ಲಿ 6’ ಅನ್ನೋದಕ್ಕೆ ಹಾಗೆ ಉತ್ತರ ಕೊಡೋಕೆ ಆಗಲ್ಲ. ಯಾರಾದರೂ ಎದ್ದುಹೋಗಿ ಎಣಿಸಲೇಬೇಕು. ಇನ್ನೊಂದು ವಿಷಯ, ಕೊನೆಯಲ್ಲಿ ರಿಫಂಡ್ ಅಂತ ಮಾತ್ರ ಕೇಳಬೇಡಿ, ಪರಿಷ್ಕೃತ ಬಿಲ್ಲು ಕೇಳಿ. ಆ ಕಾಗದ ಇಲ್ಲದೆ ವಿಮಾ ಕಂಪನಿಯ ಹತ್ತಿರ ಮುಂದೆ ಏನೂ ನಡೆಯಲ್ಲ.

ನಾಲ್ಕನೇ ದಿನ ಫೋನ್ ಬಂತು. “ಒಮ್ಮೆ ಬಂದುಬಿಡಿ ಮೇಡಂ, ಕೂತು ಮಾತಾಡಿ ಸೆಟಲ್ ಮಾಡಣ.” ಖಂಡಿತ ಬರ್ತೀನಿ ಸಾರ್, ಆದರೆ ಮೊದಲು ಆರು ಸಾಲಿಗೂ ಮೇಲ್‌ನಲ್ಲಿ ಉತ್ತರ ಕಳಿಸಿ ಅಂದೆ. ಎಂಟನೇ ಕೆಲಸದ ದಿನ ಒಂದು ನೆನಪೋಲೆ ಕಳಿಸಿದೆ. ಅದರಲ್ಲಿ ಒಂದೇ ವಾಕ್ಯ ಹೊಸದು: ಉತ್ತರ ಬಾರದಿದ್ದರೆ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಹೋಗುತ್ತೇನೆ. ಬಹಳ ಜನರಿಗೆ ಇದು ಗೊತ್ತಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007, ಕೆಪಿಎಂಇ ಅಂತಾರಲ್ಲ, ಅದರ 2017ರ ತಿದ್ದುಪಡಿಯಲ್ಲಿ ಬಂದದ್ದು. ಜಿಲ್ಲಾಧಿಕಾರಿ ಅಧ್ಯಕ್ಷರು. ಆಸ್ಪತ್ರೆಯ ನೋಂದಣಿಯೂ ರೋಗಿಯ ದೂರೂ ಅದೇ ಮೇಜಿಗೆ ಹೋಗುತ್ತೆ. ಆಸ್ಪತ್ರೆಯವರಿಗೆ ಇದು ಚೆನ್ನಾಗಿ ಗೊತ್ತು.

ಹನ್ನೊಂದನೇ ದಿನ ಉತ್ತರ ಬಂತು. ಕಿಟ್ ಕೊನೆಗೂ ತೆರೆಯಿತು. ಒಳಗೆ ಟ್ರೋಕಾರ್ ಅಂದರೆ ಹೊಟ್ಟೆಗೆ ಉಪಕರಣ ಇಳಿಸುವ ನಳಿಕೆಗಳು, ಕ್ಲಿಪ್ಪುಗಳು, ಸಕ್ಷನ್ ಟ್ಯೂಬು, ಗೌನು, ಡ್ರೇಪು, ಕ್ಯಾಮೆರಾ ಕವರು, ತೆಗೆದ ಪಿತ್ತಕೋಶವನ್ನು ಹೊರಗೆ ತರುವ ಸ್ಪೆಸಿಮೆನ್ ಬ್ಯಾಗು. ಈಗ ಬಿಲ್ಲಿನ ಓಟಿ ಸಾಮಾನಿನ ಪುಟ ನೋಡಿದರೆ ಕ್ಯಾಮೆರಾ ಕವರು 450, ಸ್ಪೆಸಿಮೆನ್ ಬ್ಯಾಗು 1,700 ಬೇರೆಯಾಗಿಯೂ ಇವೆ! ಅಮ್ಮನಿಗೆ ಇದ್ದದ್ದು ಒಂದೇ ಪಿತ್ತಕೋಶ. ಆಪರೇಷನ್ ನೋಟ್ಸಿನಲ್ಲೂ ಒಂದೇ ಬ್ಯಾಗು. ಕಿಟ್ಟಿನ ಬಾಯಿ ಮುಚ್ಚಿರುವ ತನಕ ಇದು ಯಾರಿಗೂ ಕಾಣುವ ಹಾಗಿರಲಿಲ್ಲ. ವಿವರ ಕೇಳೋದು ಯಾಕೆ ಮುಖ್ಯ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನ್ನ ಹತ್ತಿರ ಇಲ್ಲ. ಎರಡು ಸಲ ಬಿದ್ದ 2,150ನ್ನು ಆಸ್ಪತ್ರೆ ಕಿಟ್ಟಿನಿಂದ ಕಳೆಯಿತು.

ಮಿಸಲೇನಿಯಸ್ಸಿನ 3,450 ಒಡೆದಾಗ ಸಿಕ್ಕಿದ್ದು: ಫೈಲ್ ಓಪನಿಂಗ್ 500, ಡಯಟೀಷಿಯನ್ 1,000, ಮೆಡಿಕಲ್ ರೆಕಾರ್ಡ್ಸ್ 750, ಜೈವಿಕ ತ್ಯಾಜ್ಯ ನಿರ್ವಹಣೆ 1,200. ಅಡ್ಮಿಷನ್ ಚಾರ್ಜು ಅಂತ ಮೊದಲ ಪುಟದಲ್ಲೇ ಒಂದು ಸಾಲು ಇದ್ದದ್ದರಿಂದ ಫೈಲ್ ಓಪನಿಂಗ್ ರದ್ದಾಯಿತು. ಡಯಟೀಷಿಯನ್ ಬಂದುಹೋದ ಟಿಪ್ಪಣಿ ಕೇಸ್ ಶೀಟಿನಲ್ಲಿ ಎಲ್ಲೂ ಇರಲಿಲ್ಲ, ಅದೂ ರದ್ದು. ಉಳಿದೆರಡು ದರಪಟ್ಟಿಯಲ್ಲಿವೆ ಅಂತ ತೋರಿಸಿದರು. ಮಾನಿಟರಿನ ಎರಡು ದಿನ, 2,800, ಹೋಯಿತು. ಪಲ್ಸ್ ಆಕ್ಸಿಮೀಟರಿನ 1,200 ಪೂರ್ತಿ ಹೋಯಿತು. ಎಲ್ಲ ಸೇರಿ ಆಸ್ಪತ್ರೆಯಿಂದ ವಾಪಸ್ 7,650. ಬಾಟಲಿ ಮತ್ತು ಕ್ಯಾನುಲಾದ 1,540 ವಿಮಾ ಕಂಪನಿ ಕೊಟ್ಟಿದ್ದ ದುಡ್ಡು, ಅದು ಪರಿಷ್ಕೃತ ಬಿಲ್ಲಿನಲ್ಲಿ ಅವರ ಲೆಕ್ಕಕ್ಕೆ ಹೋಯಿತು.

ಕಥೆ ಇಲ್ಲಿಗೆ ಮುಗಿದಿರಲಿಲ್ಲ. ಕಿಟ್ಟಿನಲ್ಲಿ ಇನ್ನೂ 7,450 ಉಳಿದಿತ್ತಲ್ಲ, ಅದು ಈಗ ‘ವಿವರ ಇಲ್ಲದ ಕಿಟ್’ ಅಲ್ಲ. ಪ್ರತಿ ವಸ್ತುವಿನ ಹೆಸರು, ದರ ಇರುವ ಕಾಗದ ಕೈಯಲ್ಲಿದೆ. ಕ್ಯಾಷ್‌ಲೆಸ್ ಮುಗಿದ ಮೇಲೂ ನಾವು ಕೈಯಿಂದ ಕಟ್ಟಿದ ಭಾಗಕ್ಕೆ ರೀಇಂಬರ್ಸ್‌ಮೆಂಟ್ ಕೇಳಬಹುದು. ಪರಿಷ್ಕೃತ ಬಿಲ್ಲು, ಕಿಟ್ಟಿನ ವಿವರ, ಪಾವತಿ ರಸೀದಿ, ಆಪರೇಷನ್ ನೋಟ್ಸ್ ಪ್ರತಿ ಸೇರಿಸಿ ಕಳಿಸಿದೆ. ಟ್ರೋಕಾರು, ಕ್ಲಿಪ್ಪು, ಟ್ಯೂಬಿಗೆ 5,240 ಪಾಸಾಯಿತು. ಗೌನು, ಡ್ರೇಪಿನ 2,210 ಆಗಲಿಲ್ಲ. ನಾನು ಎರಡನೇ ಸಲ ಕೇಳಲಿಲ್ಲ. ಕೇಳಬೇಕು ಅನ್ನುವವರಿಗೆ ವಿಮಾ ಕಂಪನಿಯ ಕುಂದುಕೊರತೆ ವಿಭಾಗ ಇದೆ, ಅಲ್ಲಿ ಆಗದಿದ್ದರೆ ಬೆಂಗಳೂರಿನಲ್ಲೇ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ, ಶುಲ್ಕ ಇಲ್ಲ.

ಒಟ್ಟು 22,630ರಲ್ಲಿ 12,890 ವಾಪಸ್ ಬಂತು, 9,740 ಹೋಯಿತು. ಹೋದದ್ದರ ಬಗ್ಗೆಯೂ ಹೇಳಬೇಕು, ಯಾಕಂದರೆ ಈ ದಾರಿಗೆ ಮಿತಿ ಇದೆ. ಸಂಖ್ಯೆಯನ್ನು ಪ್ರಶ್ನೆ ಮಾಡಬಹುದು, ದಿನವನ್ನು ಪ್ರಶ್ನೆ ಮಾಡಬಹುದು, ಎರಡು ಸಲ ಬಿದ್ದದ್ದನ್ನು ಹಿಡಿಯಬಹುದು. ದರವನ್ನು ಪ್ರಶ್ನೆ ಮಾಡೋದು ತುಂಬಾ ಕಷ್ಟ. ಒಂದು ಕ್ಯಾನುಲಾಗೆ 310 ಯಾಕೆ ಅಂದರೆ ‘ಎಂಆರ್‌ಪಿ ಮೇಡಂ’ ಅಂತಾರೆ, ಅದೂ ನಿಜವೇ. ಎಂಆರ್‌ಪಿಯೇ ಎಷ್ಟು ಎತ್ತರದಲ್ಲಿ ಪ್ರಿಂಟ್ ಆಗಿರುತ್ತೆ ಅನ್ನೋದು ಬೇರೆ ಕಥೆ. ಔಷಧಿ ಬೆಲೆ ಪ್ರಾಧಿಕಾರ ಎನ್‌ಪಿಪಿಎ 2018ರಲ್ಲಿ ದಿಲ್ಲಿ ಸುತ್ತಮುತ್ತಲಿನ ನಾಲ್ಕು ಖಾಸಗಿ ಆಸ್ಪತ್ರೆಗಳ ಬಿಲ್ಲು ನೋಡಿದಾಗ, ಔಷಧಿ ಮತ್ತು ಬಳಸಿ ಬಿಸಾಡುವ ಸಾಮಾನಿನ ಮೇಲೆ ಲಾಭಾಂಶ ಶೇ. 1,737ರವರೆಗೂ ಹೋಗಿತ್ತು. ಅದನ್ನು ಬಿಲ್ಲಿಂಗ್ ಕೌಂಟರಿನಲ್ಲಿ ನಿಂತು ಸರಿಮಾಡೋಕೆ ಆಗಲ್ಲ. ಹಾಗೇ, ಅನೇಕ ಆಸ್ಪತ್ರೆಗಳಲ್ಲಿ ರೂಮು ದೊಡ್ಡದಾದ ಹಾಗೆ ಅದೇ ಸರ್ಜನ್, ಅದೇ ಓಟಿಯ ದರವೂ ಏರುತ್ತೆ. ಅದನ್ನು ಅಡ್ಮಿಟ್ ಆಗುವ ಮುಂಚೆ ಕೇಳಬೇಕು, ಆಮೇಲೆ ಕೇಳಿ ಉಪಯೋಗ ಇಲ್ಲ.

ಕಾಲದ ಲೆಕ್ಕವನ್ನೂ ಹೇಳಿಬಿಡ್ತೀನಿ. ಕೇಸ್ ಶೀಟು ಓದೋಕೆ ಒಂದು ಭಾನುವಾರ, ಎರಡು ಮೇಲ್, ಆಸ್ಪತ್ರೆಗೆ ಮೂರು ಓಡಾಟ, ದುಡ್ಡು ಪೂರ್ತಿ ಬರೋಕೆ ಏಳು ವಾರ. ಪ್ರತಿ ಬಿಲ್ಲಿಗೂ ಇಷ್ಟು ಮಾಡಿ ಅಂತ ನಾನು ಹೇಳಲ್ಲ. ಆದರೆ 60 ಪುಟ ಓದದೆಯೂ ಮಾಡಬಹುದಾದ್ದು ಒಂದಿದೆ. ಅಂತಿಮ ಬಿಲ್ಲು ವಿಮಾ ಕಂಪನಿಗೆ ಹೋಗುವ ಮುಂಚೆ, ಅಂದರೆ ಡಿಸ್ಚಾರ್ಜ್ ದಿನ ಬೆಳಿಗ್ಗೆಯೇ, ಇನ್ಶೂರೆನ್ಸ್ ಡೆಸ್ಕಿಗೆ ಹೋಗಿ ಒಂದು ಮಾತು ಕೇಳಿ: “ಕಿಟ್ ಅಂತ, ಮಿಸಲೇನಿಯಸ್ ಅಂತ ಯಾವುದಾದರೂ ಸಾಲು ಇದ್ಯಾ? ಇದ್ದರೆ ಅದನ್ನ ಬಿಡಿಸಿ ಬರೆದೇ ಕಳಿಸಿ.” ಹಾಗೇ ವಾರ್ಡಿನ ಸಿಸ್ಟರಿಗೆ, “ಉಳಿದ ಔಷಧಿಯ ರಿಟರ್ನ್ ಎಂಟ್ರಿ ಆಯ್ತಾ ಸಿಸ್ಟರ್?” ಅಂತ.

ಅಪ್ಪನ ಹರ್ನಿಯಾಗೆ ಹೋದ ತಿಂಗಳು ಅದೇ ಆಸ್ಪತ್ರೆಗೆ ಹೋದೆವು, ಅದೇ ಸರ್ಜನ್ ಹತ್ತಿರ. ಬೆಳಿಗ್ಗೆ ಒಂಬತ್ತಕ್ಕೆ ಈ ಎರಡು ಪ್ರಶ್ನೆ ಕೇಳಿದೆ. ಡೆಸ್ಕಿನವರು ಮುಖ ಗಂಟು ಹಾಕಲಿಲ್ಲ, “ಬರೆಸ್ತೀವಿ ಮೇಡಂ” ಅಂದರು. ಆ ಸಲದ ಬಿಲ್ಲಿನಲ್ಲಿ ಕಿಟ್ ಅನ್ನುವ ಪದ ಇರಲಿಲ್ಲ. ಅದರ ಜಾಗದಲ್ಲಿ ಹನ್ನೆರಡು ಸಾಲು ಇತ್ತು, ಹನ್ನೆರಡಕ್ಕೂ ಹೆಸರಿತ್ತು.